ಒಂದು ಪ್ರವಾಸ, ಮೂರು ಮನಸ್ಸುಗಳು

ಮನೆಮಂದಿಯೆಲ್ಲ ಕೂಡಿ ರಜೆಯಲ್ಲಿ ಪ್ರವಾಸ ಹೊರಡಬೇಕೆಂಬ ಮಾತು ಎದ್ದೊಡನೆ ಚರ್ಚೆ ಊರುಗಳ ಹೆಸರಿನಿಂದಲೇ ಆರಂಭವಾಗುವುದು ವಾಡಿಕೆ. ಅಜ್ಜ ಕೂಡಲಸಂಗಮವೆನ್ನುತ್ತಾರೆ, ಅಜ್ಜಿ ಬನಶಂಕರಿಯೆನ್ನುತ್ತಾರೆ, ಮಕ್ಕಳು ಸಮುದ್ರವೆನ್ನುತ್ತಾರೆ, ಮನೆಯ ಯಜಮಾನ ಸಂಬಳದ ಲೆಕ್ಕ ನೋಡಿ ಮೌನ ವಹಿಸುತ್ತಾನೆ. ಕೊನೆಗೆ ಯಾರ ಮನಸ್ಸೂ ನೋಯಬಾರದೆಂದು ಎಲ್ಲ ಊರುಗಳನ್ನೂ ಒಂದೇ ಪಟ್ಟಿಯಲ್ಲಿ ಪೋಣಿಸಲಾಗುತ್ತದೆ. ಪ್ರವಾಸಗಳು ಕೆಡುವುದು ಇಲ್ಲಿಯೇ. ಊರನ್ನು ಆರಿಸುವ ಮೊದಲು ದಿನಕ್ಕೆ ಎಷ್ಟು ಗಂಟೆ ತಿರುಗಾಡಬಹುದು, ಎಷ್ಟು ಮೆಟ್ಟಿಲು ಹತ್ತಬಹುದು, ಎಷ್ಟು ಹಣ ಕೈಬಿಡಬಹುದು ಎಂಬ ಮೂರು ಮಿತಿಗಳನ್ನು ನಿಶ್ಚಯಿಸಿಕೊಂಡರೆ ಜಗಳದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ.

ಉದಾಹರಣೆಗೆ ತುಮಕೂರಿನ ಒಂದು ಶಿಕ್ಷಕ ಕುಟುಂಬವನ್ನು ತೆಗೆದುಕೊಳ್ಳಬಹುದು. ಅಜ್ಜನಿಗೆ 74 ವರ್ಷ, ಮೊಣಕಾಲು ನೋವು. ಅಜ್ಜಿಗೆ 68, ಸಕ್ಕರೆ ಕಾಯಿಲೆ. ಮಗ, ಸೊಸೆ, 13 ವರ್ಷದ ಮೊಮ್ಮಗಳು, 9 ವರ್ಷದ ಮೊಮ್ಮಗ. ದಸರೆಯ ರಜೆಯಲ್ಲಿ ಖರ್ಚು ಮಾಡಬಹುದಾದ ಮೊತ್ತ 30,000 ರೂಪಾಯಿ. ಅವರ ಮೊದಲ ಪಟ್ಟಿಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ವಿಜಯಪುರ, ಅಲ್ಲಿಂದ ಗೋಕರ್ಣ ಮತ್ತು ಮುರುಡೇಶ್ವರ ಎಲ್ಲವೂ ಇದ್ದವು; ಅವಧಿ ಐದು ದಿನ. ಕೃಷ್ಣೆಯ ತೀರದಿಂದ ಕಡಲ ತೀರಕ್ಕೆ ಘಟ್ಟವಿಳಿದು ಸೇರುವುದಕ್ಕೇ ಒಂದು ಪೂರ್ಣ ದಿನ ಬೇಕು. ಅಂಥ ಪ್ರವಾಸದಲ್ಲಿ ಅಜ್ಜನಿಗೆ ಸಂಗಮನಾಥನ ಮುಂದೆ ಕುಳಿತುಕೊಳ್ಳುವ ಬಿಡುವಿರುವುದಿಲ್ಲ, ಮಕ್ಕಳಿಗೆ ಅಲೆಯಲ್ಲಿ ಆಡುವ ಬಿಡುವೂ ಇರುವುದಿಲ್ಲ. ಇರುವುದು ವಾಹನದ ಕಿಟಕಿ ಮಾತ್ರ.

ಮೊದಲು ಹಣದ ವಿಷಯ. ಆರು ಮಂದಿ ಎಂದೊಡನೆ ಮನೆಯ ಬಾಗಿಲಿನಿಂದಲೇ ಬಾಡಿಗೆ ಕಾರು ಗೊತ್ತುಮಾಡುವುದು ಸುಲಭವೆಂದು ತೋರುತ್ತದೆ. ಆದರೆ ಹೊರಊರಿನ ಬಾಡಿಗೆಯಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಕನಿಷ್ಠ ಲೆಕ್ಕವಿರುತ್ತದೆ. ಕಾರು ಓಡಲಿ, ವಸತಿಗೃಹದ ಮುಂದೆ ನಿಂತಿರಲಿ, ಆ ಹಣ ತೆರಲೇಬೇಕು. ಕನಿಷ್ಠ 300 ಕಿ.ಮೀ., ಕಿಲೋಮೀಟರಿಗೆ 17 ರೂಪಾಯಿ ಎಂದು ಹಿಡಿದರೆ ನಾಲ್ಕು ದಿನಕ್ಕೆ 20,400 ರೂ. ಚಾಲಕನ ಭತ್ಯೆ ದಿನಕ್ಕೆ 500ರಂತೆ 2,000 ಸೇರಿ 22,400 ರೂ. ಸುಂಕದ ಹಣ ಬೇರೆ. ಊಟ, ವಸತಿಗೆ ಮೊದಲೇ ಮುಕ್ಕಾಲು ಪಾಲು ಬೊಕ್ಕಸ ಬರಿದಾಯಿತು. ಇಷ್ಟೇ ಅಲ್ಲ, ಹಣ ಕೊಟ್ಟ ಕಾರು ಸುಮ್ಮನೆ ನಿಲ್ಲಬಾರದೆಂಬ ಭಾವನೆಯೇ ಹಿರಿಯರನ್ನು ವಿಶ್ರಾಂತಿಯಿಂದ ಎಬ್ಬಿಸಿ ಇನ್ನೊಂದು ಊರಿಗೆ ಹೊರಡಿಸುತ್ತದೆ.

ಇದಕ್ಕೆ ಬದಲು, ರಾತ್ರಿ ರೈಲಿನಲ್ಲಿ ಹೋಗಿ ಒಂದೇ ಊರಿನಲ್ಲಿ ನೆಲೆನಿಂತು ಬೇಕಾದ ದಿನಕ್ಕೆ ಮಾತ್ರ ಅಲ್ಲಿನ ಕಾರನ್ನು ಹಿಡಿಯುವುದು ಮೇಲು. ಗೋಲಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ತುಮಕೂರಿನ ಮೂಲಕ ಸಾಗಿ, ಹುಬ್ಬಳ್ಳಿ, ಗದಗಗಳನ್ನು ಹಾಯ್ದು ಬೆಳಗಿನಲ್ಲಿ ಬಾದಾಮಿಗೆ ಮುಟ್ಟಿಸುತ್ತದೆ. ಸ್ಲೀಪರ್ ದರ್ಜೆಗೆ ತಲೆಗೆ 350 ರೂ. ಎಂದಿಟ್ಟುಕೊಂಡರೆ ಆರು ಮಂದಿಯ ಹೋಗಿಬರುವ ಖರ್ಚು 4,200 ರೂ. ಒಂದು ದಿನದ ಕಾರು 4,500, ಉಳಿದ ದಿನಗಳ ಆಟೋ 1,300. ಎರಡು ಕೋಣೆ ಎರಡು ರಾತ್ರಿಗೆ, ಕೋಣೆಗೆ 1,700ರಂತೆ 6,800. ಮೂರು ದಿನದ ಊಟ ತಲೆಗೆ 400ರಂತೆ 7,200. ಇದಕ್ಕೆ ಇನ್ನೊಂದು ಬಾಬತ್ತನ್ನು ಸೇರಿಸಬೇಕು. ಕೊನೆಯ ದಿನ ಕೋಣೆಯನ್ನು ಮಧ್ಯಾಹ್ನದೊಳಗೆ ತೆರವು ಮಾಡಬೇಕಾಗುತ್ತದೆ, ಮರಳುವ ರೈಲು ಇರುವುದು ರಾತ್ರಿ. ಆ ನಡುವಿನ ಹೊತ್ತನ್ನು ನಿಲ್ದಾಣದ ಬೆಂಚಿನ ಮೇಲೆ ಕಳೆದ ಹಿರಿಯರಿಗೆ ಇಡೀ ಪ್ರವಾಸದ ನೆನಪೇ ಆ ಬೆಂಚಿನದಾಗಿಬಿಡುತ್ತದೆ. ಒಂದು ಕೋಣೆಯನ್ನು ಸಂಜೆಯವರೆಗೆ ಅರ್ಧ ಬಾಡಿಗೆಗೆ, ಎಂದರೆ 850 ರೂಪಾಯಿಗೆ, ಉಳಿಸಿಕೊಡುವಂತೆ ಮೊದಲೇ ಕೇಳಿಕೊಳ್ಳಬೇಕು. ಎಲ್ಲ ಕೂಡಿ 24,850 ರೂ. ಉಳಿದ 5,150ರಲ್ಲಿ ಮಕ್ಕಳಿಬ್ಬರಿಗೆ ಐದೈದು ನೂರು ಕೊಟ್ಟು, ಮಿಕ್ಕದ್ದನ್ನು ಔಷಧೋಪಚಾರಕ್ಕೆಂದು ಮುಟ್ಟದೆ ಇಡಬಹುದು. ದರಗಳು ಊರಿಗೊಂದು, ಕಾಲಕ್ಕೊಂದು ಆಗಬಹುದು. ಲೆಕ್ಕದ ಕ್ರಮ ಮಾತ್ರ ಇದೇ.

ರೈಲಿನ ವಿಷಯದಲ್ಲಿ ಹಲವರು ಅರಿಯದ ಒಂದು ಸೂಕ್ಷ್ಮವಿದೆ. ಹಿರಿಯರಿಗೆ ಪ್ರಯಾಣದರದಲ್ಲಿ ದೊರೆಯುತ್ತಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತಿನ ಮೀಸಲು ಉಳಿದಿದೆ. 60 ವರ್ಷ ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಇದು ಸಲ್ಲುತ್ತದೆ. ಆದರೆ ಆ ಒಂದು ಟಿಕೆಟ್ಟಿನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಆರು ಮಂದಿಯನ್ನೂ ಒಂದೇ ಟಿಕೆಟ್ಟಿನಲ್ಲಿ ಬರೆಯಿಸಿದರೆ ಮೀಸಲು ತಪ್ಪಿಹೋಗಿ, ಮೊಣಕಾಲು ನೋವಿನ ಅಜ್ಜನಿಗೆ ಮೇಲಿನ ಬರ್ತು ಬಂದರೂ ಬರಬಹುದು. ಆದ್ದರಿಂದ ಅಜ್ಜ ಅಜ್ಜಿಯರ ಟಿಕೆಟ್ಟನ್ನು ಬೇರೆಯಾಗಿಯೇ ಮಾಡಿಸಬೇಕು. ಇದರಲ್ಲಿ ಒಂದು ತೊಡಕೂ ಇದೆ: ಎರಡು ಟಿಕೆಟ್ಟುಗಳು ಬೇರೆ ಬೇರೆ ಡಬ್ಬಿಗಳಿಗೆ ಬೀಳಬಹುದು, ಒಂದು ಖಚಿತವಾಗಿ ಇನ್ನೊಂದು ಕಾಯುವ ಪಟ್ಟಿಯಲ್ಲಿ ಉಳಿಯಬಹುದು. ಇದನ್ನು ತಪ್ಪಿಸಲು ಮುಂಗಡ ತೆರೆದ ದಿನವೇ ಎರಡನ್ನೂ ಒಟ್ಟಿಗೆ ಮಾಡಿಸುವುದು ಕ್ಷೇಮ. 2024ರ ನವೆಂಬರ್ 1ರಿಂದ ಈ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಡಬ್ಬಿ ಬೇರೆಯಾದರೆ ಸಹಪ್ರಯಾಣಿಕರೊಬ್ಬರನ್ನು ಕೇಳಿಕೊಂಡು ಮಗನು ಹಿರಿಯರ ಬಳಿಗೆ ಹೋಗಬೇಕು. ಒಂಬತ್ತು ವರ್ಷದ ಹುಡುಗನಿಗೆ ಬರ್ತು ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ. ರಾತ್ರಿಯ ಪ್ರಯಾಣದಲ್ಲಿ ಈ ಉಳಿತಾಯಕ್ಕೆ ಆಸೆಪಡುವುದು ತಾಯಿಯ ನಿದ್ರೆಯನ್ನು ಮಾರಿದಂತೆ.

ಇನ್ನು ಹಿರಿಯರ ಅನುಕೂಲ. ಪ್ರವಾಸದ ವೇಗವನ್ನು ನಿರ್ಣಯಿಸಬೇಕಾದದ್ದು ಎಲ್ಲರಿಗಿಂತ ದುರ್ಬಲವಾದ ದೇಹ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಅಜ್ಜಿಗೆ ಊಟದ ಹೊತ್ತು ತಪ್ಪಿದರೆ ಬೆವರು, ನಡುಕ, ತಲೆಸುತ್ತು ಕಾಣಿಸಿಕೊಳ್ಳಬಹುದು. ಆದ್ದರಿಂದ ಇಡೀ ಗುಂಪಿನ ಗಡಿಯಾರ ಆಕೆಯ ಮಧ್ಯಾಹ್ನದ ಊಟದ ಸುತ್ತ ತಿರುಗಬೇಕು. ಬಾದಾಮಿಯ ಖಾನಾವಳಿಗಳ ಜೋಳದ ರೊಟ್ಟಿ, ಪಲ್ಲೆ ಹಿರಿಯರಿಗೂ ಒಗ್ಗುವ ಊಟ. ಔಷಧಗಳು ದೊಡ್ಡ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿರಬೇಕು.

ಮೆಟ್ಟಿಲುಗಳ ವಿಚಾರವನ್ನೂ ಮೊದಲೇ ತಿಳಿದಿರಬೇಕು. ಬಾದಾಮಿಯ ನಾಲ್ಕು ಗುಹಾಲಯಗಳು ಬಂಡೆಯ ಮೇಲೆ ಒಂದಕ್ಕಿಂತ ಒಂದು ಎತ್ತರದಲ್ಲಿವೆ. ಹತ್ತದೆ ನೋಡುವ ಉಪಾಯವಿಲ್ಲ. ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯವರೆಗೆ ಮಕ್ಕಳು ತಂದೆಯೊಡನೆ ಹೋಗಿಬರಲಿ. ಅಲ್ಲಿ ಕೋತಿಗಳ ಕಾಟವುಂಟು, ತಿಂಡಿಯ ಪೊಟ್ಟಣ ಕೈಯಲ್ಲಿರಬಾರದು. ಆ ಹೊತ್ತಿಗೆ ಹಿರಿಯರು ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯ ನೆರಳಿನಲ್ಲಿ ಕುಳಿತು ಕೆರೆಯನ್ನೂ ಬಂಡೆಯನ್ನೂ ನೋಡಬಹುದು. ಪಟ್ಟದಕಲ್ಲಿನ ಗುಡಿಗಳಿರುವುದು ಸಮತಟ್ಟಾದ ಹುಲ್ಲುನೆಲದಲ್ಲಿ. ಅದು ಹಿರಿಯರಿಗೂ ಒಪ್ಪುವ ಸ್ಥಳ. ಕೂಡಲಸಂಗಮದಲ್ಲಿ ಸಂಗಮನಾಥನ ದರ್ಶನ ಕಷ್ಟವಲ್ಲ. ಆದರೆ ಬಸವಣ್ಣನವರ ಐಕ್ಯಮಂಟಪ ಜಲಾಶಯದ ನೀರಿನ ನಡುವೆ, ಬಾವಿಯಂತೆ ಕಟ್ಟಿದ ದುಂಡು ಗೋಡೆಯ ಒಳಗೆ ಆಳದಲ್ಲಿದೆ; ಮೆಟ್ಟಿಲಿಳಿದೇ ಹೋಗಬೇಕು. ಸವೆದ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಜೀವಮಾನದ ಆಸೆಯನ್ನು ಹೊತ್ತು ಬಂದ ಅಜ್ಜನು ಮೇಲೆ ನಿಂತು ಮರಳಬಾರದು ಎಂದಾದರೆ, ಆ ದಿನ ಬೆಳಿಗ್ಗೆ ಅವರ ಕಾಲಿನ ಶಕ್ತಿಯನ್ನು ಬೇರೆಲ್ಲಿಯೂ ವ್ಯಯಿಸಬಾರದು. ಹೀಗಾಗಿ ಎರಡನೆಯ ದಿನ ಮೊದಲು ಕೂಡಲಸಂಗಮ, ಊಟ ವಿಶ್ರಾಂತಿಗಳ ನಂತರ ಇಳಿಹೊತ್ತಿನಲ್ಲಿ ಪಟ್ಟದಕಲ್ಲು ಎಂದಿಡಬೇಕು. ಐಹೊಳೆಯನ್ನು ದಾರಿಯಲ್ಲೇ ಇದೆಯೆಂದು ಸೇರಿಸುವ ಮೋಹವನ್ನು ಬಿಡಬೇಕು.

ಹಾಗಾದರೆ ಮಕ್ಕಳ ಸಮುದ್ರ? ಮಕ್ಕಳು ಚಿಕ್ಕವರು, ಮುಂದೆ ಬೇಕಾದಷ್ಟು ನೋಡುತ್ತಾರೆ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಅಜ್ಜನ ಕಾಲಿಗೆ ಅವಧಿಯಿರುವಂತೆ ಬಾಲ್ಯಕ್ಕೂ ಅವಧಿಯಿದೆ. 13 ವರ್ಷದ ಹುಡುಗಿ ಇನ್ನೆರಡು ವರ್ಷಕ್ಕೆ ಹತ್ತನೆಯ ತರಗತಿಯ ಓದಿನಲ್ಲಿ ಮುಳುಗುತ್ತಾಳೆ. ಆಮೇಲೆ ಕಡಲು ಅಲ್ಲೇ ಇರುತ್ತದೆ, ತಮ್ಮನೊಡನೆ ಮರಳಿನಲ್ಲಿ ಓಡುವ ಮನಸ್ಸು ಇರುವುದಿಲ್ಲ. ಆದ್ದರಿಂದ ಅವರ ಆಸೆಯನ್ನು ಅಳಿಸುವುದೂ ಸಲ್ಲದು, ಹಿರಿಯರ ಯಾತ್ರೆಯ ಬಾಲಕ್ಕೆ ಅರ್ಧ ದಿನದ ಚೂರಾಗಿ ಕಟ್ಟುವುದೂ ಸಲ್ಲದು.

ಇಲ್ಲಿ ಬಿಡಬೇಕಾದದ್ದು, ಎಲ್ಲರೂ ಎಲ್ಲ ಕಡೆಗೂ ಹೋಗಲೇಬೇಕೆಂಬ ಹಟವನ್ನು. ಜನವರಿಯ ಸುಮಾರಿಗೆ ಮಳೆಗಾಲದ ಅಬ್ಬರವಿಲ್ಲದೆ ಕಡಲು ಶಾಂತವಾಗಿರುತ್ತದೆ. ಆಗ ತಂದೆ ತಾಯಿಗಳು ಮಕ್ಕಳಿಬ್ಬರನ್ನೇ ಕರೆದುಕೊಂಡು ಎರಡು ದಿನ ಗೋಕರ್ಣಕ್ಕೆ ಹೋಗಿಬರಲಿ. ಹಿರಿಯರು ಒಪ್ಪಿದರೆ ಮಗಳ ಮನೆಯಲ್ಲಿರಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ಪ್ರಯಾಣದರವಿಲ್ಲ. ಐಷಾರಾಮಿ ಬಸ್ಸುಗಳಿಗೆ ಮಾತ್ರ ಅದು ಅನ್ವಯಿಸದು. ದಸರೆಯಲ್ಲಿ ಮುಟ್ಟದೆ ಉಳಿದ ಹಣ ಇದಕ್ಕೆ ಮೊದಲ ಕಂತಾಗುತ್ತದೆ. ಆದರೆ ಈ ವಾಗ್ದಾನಕ್ಕೆ ದಿನಾಂಕ ಬೇಕು. ಬಾದಾಮಿಗೆ ಟಿಕೆಟ್ಟು ಮಾಡಿಸುವ ದಿನವೇ ಗೋಡೆಯ ಪಂಚಾಂಗದಲ್ಲಿ ಜನವರಿಯ ಆ ಎರಡು ದಿನಗಳನ್ನು ಮಕ್ಕಳ ಕೈಯಿಂದಲೇ ಗುರುತು ಮಾಡಿಸಬೇಕು. ಬಾದಾಮಿಯ ಮೂರನೆಯ ದಿನವೂ ಅವರದೇ ಆಗಿರಲಿ. ಉತ್ತರದ ಕೋಟೆಯನ್ನು ಹತ್ತುವುದೋ, ಮಹಾಕೂಟಕ್ಕೆ ಹೋಗುವುದೋ ಅವರೇ ನಿರ್ಧರಿಸಲಿ.

ಇಷ್ಟು ವಿಚಾರಗಳ ನಡುವೆ ಮನೆಯ ಸೊಸೆಗೆ ಏನು ಬೇಕೆಂದು ಯಾರೂ ಕೇಳದಿರುವುದು ಸಾಮಾನ್ಯ. ಹಣ ಉಳಿಸಲೆಂದು ಒಲೆ, ಪಾತ್ರೆ, ಅಕ್ಕಿಗಳನ್ನು ಹೊತ್ತೊಯ್ದು ವಸತಿಗೃಹದ ಮೂಲೆಯಲ್ಲಿ ಆಕೆಯಿಂದ ಅಡುಗೆ ಮಾಡಿಸುವ ಪ್ರವಾಸಗಳಿವೆ. ಅಲ್ಲಿ ಐದು ಮಂದಿಗೆ ರಜೆ, ಒಬ್ಬಳಿಗೆ ಅಡುಗೆಮನೆಯ ಸ್ಥಳಾಂತರ. ಮೇಲಿನ ಲೆಕ್ಕದಲ್ಲಿ ಊಟಕ್ಕೆ 7,200 ರೂಪಾಯಿ ಇಟ್ಟಿರುವುದು ಅದಕ್ಕಾಗಿಯೇ. ಆ ಬಾಬತ್ತಿನಲ್ಲಿ ಉಳಿತಾಯ ಮಾಡುವ ಮನಸ್ಸಾದರೆ ಪ್ರವಾಸವನ್ನೇ ಒಂದು ದಿನ ಕಿರಿದು ಮಾಡುವುದು ನ್ಯಾಯ.