ಶುಲ್ಕದ ಸುತ್ತೋಲೆಯಲ್ಲಿ ಕಾಣದ ಲೆಕ್ಕ



ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯ ಅನುದಾನರಹಿತ ಶಾಲೆಯೊಂದು ಹೆತ್ತವರಿಗೆ ಕಳುಹಿಸಿದ ಶುಲ್ಕ ಪರಿಷ್ಕರಣೆಯ ಸುತ್ತೋಲೆಯನ್ನು ಓದಿದೆ. 'ಬೆಲೆಯೇರಿಕೆ ಹಾಗೂ ಶಿಕ್ಷಕರ ವೇತನ ಹೆಚ್ಚಳದ ನಿಮಿತ್ತ' ವರ್ಷಕ್ಕೆ ಮೂರು ಸಾವಿರ ರೂಪಾಯಿ ಏರಿಕೆ. ಕಾರಣ ಅಷ್ಟೇ.

ಶುಲ್ಕ ಏರಿಸಲೇಬಾರದೆಂಬ ವಾದ ನನ್ನದಲ್ಲ. ಅನುದಾನವಿಲ್ಲದ ಶಾಲೆ ಸಂಬಳ ಕೊಡುವುದು ಶುಲ್ಕದಿಂದಲೇ. ಆದರೆ ಲೆಕ್ಕವಿಲ್ಲದ ಕಾರಣ ಕಾರಣವಲ್ಲ, ಅಪ್ಪಣೆ. 400 ಮಕ್ಕಳು, 16 ಶಿಕ್ಷಕರಿರುವ ಶಾಲೆಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಶಿಕ್ಷಕರಿಗೂ ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದರೆ ವರ್ಷಕ್ಕೆ 3,84,000 ರೂಪಾಯಿ ಬೇಕು, ಮಗುವೊಂದಕ್ಕೆ 960. ಉಳಿದ 2,040 ರೂಪಾಯಿ ಯಾವುದಕ್ಕೆ? ಹೊಸ ಕಟ್ಟಡಕ್ಕಾದರೆ ಹಾಗೆಂದೇ ಬರೆಯಲಿ. ಶಿಕ್ಷಕರ ಹೆಸರಿನಲ್ಲಿ ಕೇಳುವುದು ಬೇಡ. ನಿಜಕ್ಕೂ ಸಂಬಳ ಏರಿತೇ ಎಂಬುದನ್ನು ಆ ಶಿಕ್ಷಕರನ್ನೇ ಕೇಳಿದರೆ ತಿಳಿದೀತು.

'ಕಾನೂನು ನಮ್ಮ ಪರವಾಗಿದೆ' ಎನ್ನುವ ಸಂಚಾಲಕರಿದ್ದಾರೆ. ಅನುದಾನರಹಿತ ಶಾಲೆಗಳ ಶುಲ್ಕವನ್ನು ಸರಕಾರ ನಿಯಂತ್ರಿಸುವ ವಿಧಿಗಳನ್ನು ಕರ್ನಾಟಕ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಪಡಿಸಿದ್ದು ಹೌದು. ಆದರೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು ಶುಲ್ಕ ನಿಗದಿಯ ಸ್ವಾತಂತ್ರ್ಯದ ಜೊತೆಗೇ ಮಿತಿಯನ್ನೂ ಹೇಳಿದೆ: ಸಂಸ್ಥೆಯ ಬೆಳವಣಿಗೆಗೆ ತಕ್ಕ ಉಳಿಕೆ ಇರಬಹುದು, ಲಾಭಕೋರತನವೂ ಕ್ಯಾಪಿಟೇಶನ್ನೂ ಸಲ್ಲದು. ಇದು ಉಳಿಕೆಯೋ ಲಾಭವೋ ಎಂಬುದನ್ನು ಲೆಕ್ಕವಿಲ್ಲದೆ ತಿಳಿಯುವುದೆಂತು?

ಇನ್ನು ದಿನಾಂಕ. ಸುತ್ತೋಲೆ ಬಂದದ್ದು ಮೇ ತಿಂಗಳ ಕೊನೆಗೆ, ಪಾವತಿಯ ಗಡುವು ಜೂನ್ 10. ಬೇರೆ ಶಾಲೆ ಹುಡುಕುವ ಕಾಲ ಆಗ ಮೀರಿರುತ್ತದೆ. ಅದೇ ಹೊತ್ತಿಗೆ ಅಡಿಕೆ ಬೆಳೆಗಾರನು ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತಿಗೂ ಆಳಿಗೂ ಹಣ ಹೊಂದಿಸುತ್ತಿರುತ್ತಾನೆ. ಅವನ ಕೈಗೆ ದುಡ್ಡು ಬರುವುದು ಕೊಯ್ಲಾಗಿ, ಅಡಿಕೆ ಒಣಗಿ, ಸುಲಿದು ಮಾರಿದ ಮೇಲೆ. ಈ ಊರಿನ ಶಾಲೆಗೆ ಈ ಊರಿನ ಪಂಚಾಂಗ ತಿಳಿಯದೆ?

ರಿಯಾಯಿತಿಯ ಕ್ರಮ ಇನ್ನೂ ವಿಚಿತ್ರ. ಏಳು ದಿನಗಳೊಳಗೆ ಆದಾಯ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಡಬೇಕು. 'ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ'. ಎಷ್ಟು ಮಕ್ಕಳಿಗೆ, ಎಷ್ಟು ಪಾಲು, ಯಾವ ಮಾನದಂಡದಿಂದ ಎಂಬುದಿಲ್ಲ. ನಾಡಕಚೇರಿಯಿಂದ ಹಿಂದೆ ಪಡೆದ ಪ್ರಮಾಣಪತ್ರವು ಈ ಮಳೆಗಾಲದಲ್ಲಿ ಉದುರಿದ ಅಡಿಕೆಯನ್ನು ತೋರಿಸಲಾರದು. ಮಾನದಂಡ ಬರೆದಿಡದಿದ್ದರೆ ರಿಯಾಯಿತಿಯು ಹಕ್ಕಾಗದೆ ದಾಕ್ಷಿಣ್ಯವಾಗುತ್ತದೆ; ಸಂಚಾಲಕರ ಪರಿಚಯವಿದ್ದವರಿಗೆ ಸಿಗುತ್ತದೆ, ಸಂಕೋಚದವರು ಸಾಲ ಮಾಡುತ್ತಾರೆ.

ನಿಮ್ಮಲ್ಲಿ ಹಲವರು ಇಂದು ಹೆತ್ತವರು, ಕೆಲವರು ಆಡಳಿತ ಮಂಡಳಿಗಳಲ್ಲೂ ಇದ್ದೀರಿ. ಹೆತ್ತವರಾದವರು ಸಹಿ ಹಾಕುವ ಮೊದಲು ಕಳೆದ ವರ್ಷದ ಆಯವ್ಯಯವನ್ನು ಬರೆಹದಲ್ಲಿ ಕೇಳಿ. ಒಬ್ಬೊಬ್ಬರಾಗಿ ಬೇಡ, ಹತ್ತು ಮಂದಿ ಕೂಡಿ ಕೇಳಿ. ಮಂಡಳಿಯಲ್ಲಿರುವವರು ಜನವರಿಯಲ್ಲೇ ಸುತ್ತೋಲೆ ಕಳುಹಿಸಿ, ಕಂತುಗಳನ್ನು ಕೊಯ್ಲಿಗೆ ಹೊಂದಿಸಿ, ರಿಯಾಯಿತಿಯ ನಿಯಮವನ್ನು ಫಲಕದ ಮೇಲೆ ಹಾಕಿ. ಲೆಕ್ಕ ಕಲಿಸುವ ಶಾಲೆಯೇ ಲೆಕ್ಕ ಕೊಡಲು ಹಿಂಜರಿಯಬಾರದು.