ಗೋಡೆಯ ಮೇಲಿನ ಮಾತು, ಲೆಕ್ಕಕ್ಕೆ ಸಿಗುವ ಮಾತು

ನಮ್ಮ ಊರುಗಳ ಯಾವುದೇ ಶಾಲೆಯ ಒಳಗೆ ಕಾಲಿಟ್ಟರೂ ಆಫೀಸಿನ ಪಕ್ಕದ ಗೋಡೆಯಲ್ಲಿ ಒಂದು ಫಲಕ ಇರುತ್ತದೆ. ಮೇಲೆ ‘ನಮ್ಮ ಆಶಯ’, ಕೆಳಗೆ ‘ನಮ್ಮ ಧ್ಯೇಯ’. ಇಂಗ್ಲಿಷ್ ಶಾಲೆಯಾದರೆ ವಿಷನ್ ಮತ್ತು ಮಿಷನ್. ಬರೆದಿರುವುದು ಹೆಚ್ಚುಕಡಿಮೆ ಒಂದೇ: ಮಗುವಿನ ಸರ್ವಾಂಗೀಣ ವಿಕಾಸ, ಮೌಲ್ಯಾಧಾರಿತ ಶಿಕ್ಷಣ, ಪ್ರತಿ ಮಗುವಿಗೂ ವೈಯಕ್ತಿಕ ಗಮನ, ನಾಳಿನ ಜಾಗತಿಕ ನಾಗರಿಕರು. ಫಲಕವನ್ನು ಬಿಚ್ಚಿ ಎದುರಿನ ಬೀದಿಯ ಶಾಲೆಗೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಈ ಮಾತುಗಳು ಸುಳ್ಳು ಎಂಬುದು ನನ್ನ ತಕರಾರಲ್ಲ. ಸುಳ್ಳು ಎಂದು ತೋರಿಸಲು ಸಾಧ್ಯವೇ ಇಲ್ಲದ ಹಾಗೆ ಅವನ್ನು ಬರೆಯಲಾಗಿದೆ ಎಂಬುದು ತಕರಾರು. ‘ಸರ್ವಾಂಗೀಣ ವಿಕಾಸ ಈ ವರ್ಷ ಆಗಲಿಲ್ಲ’ ಎಂದು ಯಾವ ತಾಯಿಯೂ ಪೋಷಕರ ಸಭೆಯಲ್ಲಿ ಎದ್ದು ಹೇಳಲಾರಳು. ಹಾಗೆ ಹೇಳಲು ಆಗದ ಮಾತನ್ನು ಭರವಸೆ ಎಂದು ಕರೆಯಬಾರದು. ಆದ್ದರಿಂದ ಇಂಥ ಬರಹವನ್ನು ತಿದ್ದಲು ಕುಳಿತಾಗ ಪ್ರತಿ ವಾಕ್ಯಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಗಲಿಲ್ಲ ಎಂದು ಯಾರು, ಯಾವ ದಿನ, ಏನನ್ನು ನೋಡಿ ಹೇಳಬಹುದು?

ಒಂದು ಉದಾಹರಣೆ ಹಿಡಿದು ನೋಡೋಣ. ಮುಂಬೈ ಉಪನಗರದಲ್ಲಿ ಕನ್ನಡ ಸಂಘವೊಂದು ನಡೆಸುವ ಇಂಗ್ಲಿಷ್ ಮಾಧ್ಯಮದ, ಅನುದಾನರಹಿತ ಶಾಲೆ ಎಂದುಕೊಳ್ಳಿ. ಒಂದು ತರಗತಿಯಲ್ಲಿ 40 ಮಕ್ಕಳು. ವಾರಕ್ಕೆ ಎರಡು ಪೀರಿಯಡ್ ಕನ್ನಡ. ಫಲಕದಲ್ಲಿ ಮೂರು ಮಾತುಗಳಿವೆ: ‘ಪ್ರತಿ ಮಗುವಿಗೂ ವೈಯಕ್ತಿಕ ಗಮನ’, ‘ಕನ್ನಡ ಭಾಷೆ ಮತ್ತು ಸಂಸ್ಕೃತಿಯ ಸಂರಕ್ಷಣೆ’, ‘ಮೌಲ್ಯಾಧಾರಿತ ಶಿಕ್ಷಣ’. ಸಂಘದ ಸಮಿತಿ, ಮುಖ್ಯೋಪಾಧ್ಯಾಯಿನಿ, ಇಬ್ಬರು ಶಿಕ್ಷಕರು, ಇಬ್ಬರು ಪೋಷಕರು ಇದನ್ನು ತಿದ್ದಲು ಕೂತಿದ್ದಾರೆ.

ವೈಯಕ್ತಿಕ ಗಮನ ಎಂದರೇನು? ಶಿಕ್ಷಕರನ್ನೇ ಕೇಳಿದರೆ ಬರುವ ಉತ್ತರ ಸರಳ: ಮಗು ಬರೆದದ್ದನ್ನು ಓದಿ, ತಪ್ಪು ಎಲ್ಲಿದೆ ಎಂದು ಬರೆದು ಮರಳಿಸುವುದು. ಹಾಗಾದರೆ ‘ಪ್ರತಿ ಮಗುವಿನ ಒಂದು ಬರಹವನ್ನು ಪ್ರತಿ ವಾರ ಓದಿ ಟಿಪ್ಪಣಿ ಬರೆಯುತ್ತೇವೆ’ ಎಂದು ಬರೆಯಬಹುದೇ? ಲೆಕ್ಕ ಹಾಕಿ. ಒಬ್ಬ ಭಾಷಾ ಶಿಕ್ಷಕಿಗೆ ಐದು ತರಗತಿ ಇದ್ದರೆ 200 ಪುಸ್ತಕ. ಒಂದಕ್ಕೆ ನಾಲ್ಕು ನಿಮಿಷ ಎಂದರೂ 800 ನಿಮಿಷ, ಅಂದರೆ ವಾರಕ್ಕೆ 13 ಗಂಟೆ 20 ನಿಮಿಷ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರ ವಾರದ ಕೆಲಸವನ್ನು ಪಾಠದ ತಯಾರಿಯೂ ಸೇರಿ ಕನಿಷ್ಠ 45 ಗಂಟೆ ಎನ್ನುತ್ತದೆ. ಅದರಲ್ಲಿ ಹದಿಮೂರು ಗಂಟೆ ಪುಸ್ತಕ ತಿದ್ದುವುದಕ್ಕೇ ಹೋದರೆ ಉಳಿದದ್ದು ನಡೆಯುವುದಿಲ್ಲ. ಆಗ ಆಗುವುದೇನು ಎಂಬುದು ಶಾಲೆಯಲ್ಲಿ ದುಡಿದ ಎಲ್ಲರಿಗೂ ಗೊತ್ತು: ಪುಟದ ಕೆಳಗೆ ಒಂದು ಕೆಂಪು ಗೆರೆ, ಒಂದು ಸಹಿ, ‘ಗುಡ್’. ಭರವಸೆ ಉಳಿಯುತ್ತದೆ, ಗಮನ ಹೋಗುತ್ತದೆ.

ಅದೇ ಕೆಲಸವನ್ನು ತಿಂಗಳಿಗೊಮ್ಮೆ ಎಂದು ಹಂಚಿದರೆ ವಾರಕ್ಕೆ 3 ಗಂಟೆ 20 ನಿಮಿಷ, 40 ನಿಮಿಷದ ಐದು ಪೀರಿಯಡ್. ಇದನ್ನು ವೇಳಾಪಟ್ಟಿಯಲ್ಲಿ ಕೂರಿಸಬಹುದು, ಒಂದು ಷರತ್ತಿನ ಮೇಲೆ: ರಜೆಯಲ್ಲಿರುವವರ ಕ್ಲಾಸಿಗೆ ಕಳಿಸಲು ಈ ಐದು ಪೀರಿಯಡ್‌ಗಳನ್ನು ಕಿತ್ತುಕೊಳ್ಳಬಾರದು. ಆಗ ವಾಕ್ಯ ಹೀಗಾಗುತ್ತದೆ: ‘ಪ್ರತಿ ತಿಂಗಳು ಪ್ರತಿ ಮಗುವಿನ ಒಂದು ಸ್ವಂತ ಬರಹವನ್ನು ಭಾಷಾ ಶಿಕ್ಷಕರು ಪೂರ್ತಿ ಓದಿ, ಮುಂದೆ ಏನು ಮಾಡಬೇಕೆಂದು ಕನಿಷ್ಠ ಎರಡು ಸಾಲು ಬರೆದು ಮರಳಿಸುತ್ತಾರೆ. ಇದಕ್ಕಾಗಿ ಅವರಿಗೆ ವಾರಕ್ಕೆ ಐದು ಪೀರಿಯಡ್ ಬಿಡಲಾಗಿದೆ.’ ಹಳೆಯ ಮಾತಿಗಿಂತ ಇದು ಚಿಕ್ಕದು. ಆದರೆ ಮಗುವಿನ ಚೀಲದಿಂದ ಪುಸ್ತಕ ತೆಗೆದು ನೋಡಿದರೆ ಯಾವ ಅಪ್ಪನಿಗೂ ಇದು ನಡೆದಿದೆಯೋ ಇಲ್ಲವೋ ತಿಳಿಯುತ್ತದೆ. ಭರವಸೆಯ ಪಕ್ಕದಲ್ಲೇ ಅದರ ಖರ್ಚನ್ನೂ ಬರೆದದ್ದರಿಂದ, ಆಡಳಿತ ಮಂಡಳಿ ತನ್ನ ಪಾಲಿನ ಹೊಣೆಯನ್ನು ಶಿಕ್ಷಕರ ಹೆಗಲಿಗೆ ಜಾರಿಸಲೂ ಆಗುವುದಿಲ್ಲ.

ಎರಡನೆಯದು ನಮ್ಮ ಕರುಳಿಗೆ ಹತ್ತಿರದ್ದು. ಹೊರನಾಡಿನ ಸಂಘಗಳು ಶಾಲೆ ಕಟ್ಟಿದ್ದೇ ಕನ್ನಡಕ್ಕಾಗಿ. ಹಾಗಾಗಿ ‘ಸಂರಕ್ಷಣೆ’ ಎಂಬ ಪದವನ್ನು ಮುಟ್ಟಿದರೆ ಹಿರಿಯರಿಗೆ ನೋವಾಗುತ್ತದೆ. ಆದರೂ ಕೇಳಲೇಬೇಕು: ನಾಲ್ಕನೇ ತರಗತಿ ಮುಗಿಸಿದ ಮಗುವಿಗೆ ಕನ್ನಡ ಓದಲು ಬರುತ್ತದೆಯೇ? ವಾರಕ್ಕೆ ಎರಡು ಪೀರಿಯಡ್, ಒಂದೊಂದು 35 ನಿಮಿಷ, ವರ್ಷಕ್ಕೆ 36 ವಾರ ಎಂದರೆ 42 ಗಂಟೆ. ನಾಲ್ಕು ವರ್ಷಕ್ಕೆ 168 ಗಂಟೆ. ಅಷ್ಟರಲ್ಲಿ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವೂ ಆಗಬೇಕು, ಅದೂ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹಿಂದಿಯನ್ನೋ ಮಾತಾಡುವ ಮಕ್ಕಳಿಗೆ. ಜೊತೆಗೆ 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ವೇಳಾಪಟ್ಟಿಯಲ್ಲಿ ಹೊಸ ಜಾಗ ಸುಲಭಕ್ಕೆ ಸಿಗದು.

ಇಲ್ಲಿ ಪರೀಕ್ಷಿಸಬಹುದಾದ ಮಾತು ಯಾವುದು? ‘ಅಸರ್’ ಸಮೀಕ್ಷೆಯವರು ವರ್ಷಗಳಿಂದ ಮಾಡುತ್ತಿರುವ ವಿಧಾನ ದಾರಿ ತೋರಿಸುತ್ತದೆ. ಮಗುವನ್ನು ಒಂಟಿಯಾಗಿ ಕೂರಿಸಿ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಎಂಬ ಮೆಟ್ಟಿಲುಗಳಲ್ಲಿ ಯಾವುದರವರೆಗೆ ಓದುತ್ತದೆ ಎಂದು ಕೇಳಿಸಿಕೊಳ್ಳುತ್ತಾರೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಲಿಖಿತ ಪರೀಕ್ಷೆಯಲ್ಲಿ ಬಾಯಿಪಾಠ ಮಾಡಿದ ಉತ್ತರಕ್ಕೆ ಅಂಕ ಬರುತ್ತದೆ. ಹಿಂದೆಂದೂ ನೋಡದ ಪ್ಯಾರಾವನ್ನು ಜೋರಾಗಿ ಓದಿ ಸ್ವಂತ ಮಾತಲ್ಲಿ ಹೇಳುವಾಗ ಬಾಯಿಪಾಠ ನಡೆಯದು. ಒತ್ತಕ್ಷರ ಇರುವ ಐದಾರು ಸಾಲು ಇದ್ದರೆ, ಮಗು ಅಕ್ಷರ ಗುರುತಿಸುತ್ತಿದೆಯೋ ಓದುತ್ತಿದೆಯೋ ಎಂಬುದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಈ ಹಂತದಲ್ಲಿ ಸಮಿತಿಯಲ್ಲಿ ಯಾರಾದರೂ ಉತ್ಸಾಹದಿಂದ ‘ಶೇಕಡಾ ನೂರು ಮಕ್ಕಳು ಓದುತ್ತಾರೆ ಎಂದು ಬರೆಯೋಣ’ ಎನ್ನುತ್ತಾರೆ. ನಾನು ಇದನ್ನು ವಿರೋಧಿಸುತ್ತೇನೆ. ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು: ಒಂದು ಅಂಕಿಯ ಮೇಲೆ ತೀರ್ಮಾನದ ಭಾರ ಹೆಚ್ಚಿದಷ್ಟೂ ಆ ಅಂಕಿ ಕೆಡುತ್ತದೆ, ಅದು ಅಳೆಯಬೇಕಿದ್ದ ಕೆಲಸವೂ ಕೆಡುತ್ತದೆ. ಶಾಲೆಯಲ್ಲಿ ಇದು ಹೇಗಿರುತ್ತದೆ ಎಂದರೆ, ಪರೀಕ್ಷೆಯ ದಿನ ಓದಲು ಬಾರದ ಮಗುವಿಗೆ ‘ನಾಳೆ ಬರಬೇಡಪ್ಪ’ ಎನ್ನುತ್ತಾರೆ. ಪ್ಯಾರಾ ವಾರ ಮೊದಲೇ ಸೋರುತ್ತದೆ. ಮುಂದಿನ ವರ್ಷ ಪ್ರವೇಶದ ಹೊತ್ತಿಗೆ ‘ಕಷ್ಟದ’ ಮಕ್ಕಳಿಗೆ ಸೀಟು ಮುಗಿದಿರುತ್ತದೆ. ಯಾವ ಮಗುವಿಗಾಗಿ ಭರವಸೆ ಬರೆದೆವೋ ಅದೇ ಮಗು ಹೊರಗಾಗುತ್ತದೆ.

ಆದ್ದರಿಂದ ಫಲಿತಾಂಶದ ಶೇಕಡಾವಾರು ಬೇಡ. ಶಾಲೆಯ ಕೈಯಲ್ಲಿರುವ ಕೆಲಸವನ್ನು ಬರೆಯಿರಿ: ‘ಪ್ರತಿ ಡಿಸೆಂಬರ್‌ನಲ್ಲಿ ನಾಲ್ಕನೇ ತರಗತಿಯ ಪ್ರತಿ ಮಗು, ತನಗೆ ಪಾಠ ಮಾಡದ ಒಬ್ಬರ ಮುಂದೆ, ಮೊದಲು ನೋಡಿರದ ಕನ್ನಡ ಪ್ಯಾರಾ ಓದುತ್ತದೆ. ಹಾಜರಿ ಪುಸ್ತಕದಲ್ಲಿರುವ ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಓದಿದರು ಎಂಬುದನ್ನು ಮಕ್ಕಳ ಹೆಸರಿಲ್ಲದೆ ಪ್ರಕಟಿಸುತ್ತೇವೆ. ಓದಲಾಗದ ಮಕ್ಕಳಿಗೆ ಜನವರಿಯಿಂದ ಹನ್ನೆರಡು ವಾರ, ದಿನಕ್ಕೆ ಅರ್ಧ ಗಂಟೆ ಬೇರೆ ಪಾಠವಿದ್ದು, ಏಪ್ರಿಲ್‌ನಲ್ಲಿ ಮತ್ತೆ ಓದಿಸುತ್ತೇವೆ.’ ಇಲ್ಲಿ ‘ಹಾಜರಿ ಪುಸ್ತಕದಲ್ಲಿರುವ’ ಎಂಬ ಮಾತನ್ನು ಗಮನಿಸಿ. ಅಂದು ಬಂದವರ ಲೆಕ್ಕವಲ್ಲ, ದಾಖಲಾದವರ ಲೆಕ್ಕ. ಈ ಒಂದು ಮಾತಿನಿಂದ ‘ನಾಳೆ ಬರಬೇಡ’ ಎನ್ನುವುದರಿಂದ ಯಾರಿಗೂ ಲಾಭವಿಲ್ಲದಂತಾಗುತ್ತದೆ. ಡಿಸೆಂಬರ್ ಯಾಕೆಂದರೆ, ಏಪ್ರಿಲ್‌ನಲ್ಲಿ ಗೊತ್ತಾದರೆ ಏನೂ ಮಾಡಲು ಸಮಯ ಉಳಿದಿರುವುದಿಲ್ಲ. ಮೊದಲ ವರ್ಷದ ಅಂಕಿ ಸಂಘಕ್ಕೆ ಮುಜುಗರ ತರಬಹುದು. ಆ ಮುಜುಗರದಿಂದಲೇ ಎರಡು ಪೀರಿಯಡ್ ನಾಲ್ಕಾಗುವ ಮಾತು ಶುರುವಾಗುತ್ತದೆ. ‘ಸಂರಕ್ಷಣೆ’ ಎಂಬ ಪದ ಫಲಕದಲ್ಲಿ ಇರುವಷ್ಟು ಕಾಲ ಆ ಮಾತು ಬರುವುದಿಲ್ಲ.

ಮೂರನೆಯದು ಮೌಲ್ಯ. ‘ಇದನ್ನು ಅಳೆಯಲು ಆಗುವುದಿಲ್ಲ, ಬಿಟ್ಟುಬಿಡಿ’ ಎನ್ನುವವರಿದ್ದಾರೆ. ಅಳೆಯುವುದು ಬೇರೆ, ಪರಿಶೀಲಿಸುವುದು ಬೇರೆ. ಹೀಗೊಂದು ವಾಕ್ಯ ನೋಡಿ: ‘ಶುಲ್ಕ ಬಾಕಿ ಇರುವ ಮಗುವಿನ ಹೆಸರನ್ನು ತರಗತಿಯಲ್ಲಿ ಓದುವುದಿಲ್ಲ, ಮಗುವನ್ನು ಎದ್ದು ನಿಲ್ಲಿಸುವುದಿಲ್ಲ, ಪರೀಕ್ಷೆಯಿಂದ ಹೊರಗಿಡುವುದಿಲ್ಲ. ಶುಲ್ಕದ ಮಾತನ್ನು ಪೋಷಕರ ಜೊತೆ ಮಾತ್ರ ಆಡುತ್ತೇವೆ.’ ಇದರಲ್ಲಿ ಒಂದೂ ಅಂಕಿ ಇಲ್ಲ. ಆದರೆ ಮುರಿದ ದಿನ ಆ ತರಗತಿಯ ನಲವತ್ತೂ ಮಕ್ಕಳಿಗೆ ಗೊತ್ತಾಗುತ್ತದೆ. ಸಭೆಯಲ್ಲಿ ಅತಿ ಹೆಚ್ಚು ಚರ್ಚೆ ಆಗುವುದೂ ಇಂಥ ವಾಕ್ಯದ ಮೇಲೆಯೇ. ಖಜಾಂಚಿ ‘ಹಾಗಾದರೆ ಶುಲ್ಕ ವಸೂಲಿ ಹೇಗೆ?’ ಎನ್ನುತ್ತಾರೆ. ಅದು ನ್ಯಾಯವಾದ ಪ್ರಶ್ನೆ; ಸಂಬಳ ಕೊಡಬೇಕಾದವರು ಅವರು. ಕಂತುಗಳೋ, ಸಂಘದ ನೆರವಿನ ನಿಧಿಯೋ, ಉತ್ತರವನ್ನು ದೊಡ್ಡವರು ಹುಡುಕಿಕೊಳ್ಳಬೇಕು. ‘ಮೌಲ್ಯಾಧಾರಿತ’ ಎಂದು ಬರೆಯುವುದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ, ಯಾಕೆಂದರೆ ಅದಕ್ಕೆ ಯಾರೂ ಏನೂ ಕೊಡಬೇಕಿರಲಿಲ್ಲ.

ಇಲ್ಲೇ ಇನ್ನೊಂದು ಜಾಣತನ ನುಸುಳುತ್ತದೆ. ‘ನಮ್ಮಲ್ಲಿ ಮಕ್ಕಳಿಗೆ ಹೊಡೆಯುವುದಿಲ್ಲ’ ಎಂದು ಧ್ಯೇಯವಾಕ್ಯದಲ್ಲಿ ಸೇರಿಸುತ್ತಾರೆ. ಅದು 2009ರ ಕಾಯ್ದೆಯ 17ನೇ ಕಲಮು, ಪಾಲಿಸದಿದ್ದರೆ ತಪ್ಪು. ಕಾನೂನನ್ನೇ ನಮ್ಮ ಹೆಚ್ಚುಗಾರಿಕೆ ಎಂದು ಬರೆದುಕೊಳ್ಳುವುದು ಸರಿಯಲ್ಲ. ಹೊಡೆದರೆಂಬ ದೂರು ಬಂದಾಗ ಅದನ್ನು ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಲಿಖಿತ ಉತ್ತರ ಸಿಗುತ್ತದೆ ಎಂದು ಬರೆದರೆ ಮಾತ್ರ ಅದು ಶಾಲೆಯ ಸ್ವಂತ ಭರವಸೆ.

ಹಾಗೆಂದು ಆಶಯವನ್ನೆಲ್ಲ ಅಳಿಸಿ ಶಾಲೆಯ ಫಲಕವನ್ನು ರೈಲಿನ ವೇಳಾಪಟ್ಟಿಯಂತೆ ಮಾಡಬೇಕಾಗಿಲ್ಲ. ಮೇಲಿನ ಒಂದು ಸಾಲು ಕನಸಿನದ್ದಾಗಿಯೇ ಇರಲಿ. ಮಗುವಿನ ಕುತೂಹಲ, ಗೆಳೆತನ, ಹಾಡುವ ಖುಷಿಯನ್ನು ಹಾಜರಿ ಪುಸ್ತಕಕ್ಕೆ ಹತ್ತಿಸಲು ಹೋದರೆ ಅವು ಸಾಯುತ್ತವೆ. ಧ್ಯೇಯದ ಭಾಗದಲ್ಲಿ ಮಾತ್ರ ನಾಲ್ಕೈದೇ ವಾಕ್ಯಗಳಿರಲಿ, ಎಲ್ಲವೂ ಪರಿಶೀಲನೆಗೆ ಸಿಗುವಂತಿರಲಿ. ಇಪ್ಪತ್ತು ಭರವಸೆ ಬರೆದರೆ ಕೇಳುವವರಿಗೂ ನೆನಪಿರುವುದಿಲ್ಲ.

ಬರೆದ ಮೇಲೆ ಅದನ್ನು ಕೇಳುವ ದಿನವೊಂದು ಬೇಕು. ಸರ್ಕಾರಿ ಶಾಲೆಗಳಿಗೆ ಅದೇ ಕಾಯ್ದೆಯ 22ನೇ ಕಲಮಿನಡಿ ಪೋಷಕರೇ ಹೆಚ್ಚಿರುವ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು. ಭರವಸೆಗಳನ್ನು ಅಲ್ಲಿಗೇ ಸೇರಿಸಬಹುದು. ಸಂಘ ನಡೆಸುವ ಅನುದಾನರಹಿತ ಶಾಲೆಗೆ ಆ ನಿಯಮ ಅನ್ವಯಿಸದು, ಆದರೆ ಸಂಘಕ್ಕೆ ವಾರ್ಷಿಕ ಮಹಾಸಭೆ ಇದೆ. ಲೆಕ್ಕಪತ್ರ ಮಂಡಿಸಿದ ಕೂಡಲೇ ಈ ವಾಕ್ಯಗಳನ್ನು ಒಂದೊಂದಾಗಿ ಓದಿ, ಮುಂದೆ ‘ಆಯಿತು’, ‘ಆಗಲಿಲ್ಲ, ಕಾರಣ ಇದು’ ಎಂದು ಹೇಳಲಿ. ಎರಡು ವರ್ಷ ಸತತ ‘ಆಗಲಿಲ್ಲ’ ಎಂದಾದರೆ ಒಂದೋ ಅದಕ್ಕೆ ಜನ ಮತ್ತು ಸಮಯ ಕೊಡಬೇಕು, ಇಲ್ಲವೇ ಆ ವಾಕ್ಯವನ್ನು ಎಲ್ಲರೆದುರೇ ತೆಗೆಯಬೇಕು.

ನಮ್ಮಲ್ಲಿ ಅನೇಕರು ಇಂಥ ಸಂಘಗಳಿಗೆ ಸದಸ್ಯರು, ದಾನಿಗಳು, ಅಲ್ಲಿ ಓದಿದವರು. ಮುಂದಿನ ಮಹಾಸಭೆಯ ಕಾರ್ಯಸೂಚಿ ನಿಮ್ಮ ಕೈಗೆ ಬಂದಾಗ, ಹೊಸ ಸಭಾಂಗಣದ ವಿಷಯಕ್ಕಿಂತ ಮೊದಲು ಒಂದು ಪ್ರಶ್ನೆ ಕಳಿಸಿಕೊಡಿ: ನಮ್ಮ ನಾಲ್ಕನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಕನ್ನಡ ಓದಲು ಬರುತ್ತದೆ? ಉತ್ತರ ತಿಳಿದವರು ಯಾರೂ ಇಲ್ಲದಿದ್ದರೆ, ಹೊಸ ಧ್ಯೇಯವಾಕ್ಯವನ್ನು ಅಲ್ಲಿಂದಲೇ ಬರೆಯಲು ಶುರು ಮಾಡಬಹುದು.