ಆಟೋಪೇಗೆ ಒಪ್ಪಿದರೆ ಹಾಲಿನವರು ಎಷ್ಟು ಬೇಕಾದರೂ ಹಣ ತೆಗೆಯಬಹುದೇ?

‘ಯುಪಿಐ ಆಟೋಪೇಗೆ ಒಮ್ಮೆ ಒಪ್ಪಿದರೆ ಖಾತೆ ಖಾಲಿಯಾಗುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ. ನೀವು ಒಪ್ಪಿದ ಗರಿಷ್ಠ ಮಿತಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಆ ಪಾವತಿ ನಡೆಯುವುದಿಲ್ಲ. ಆದರೆ ಪಿನ್ ಒತ್ತುವ ಮೊದಲು ಆ ಮಿತಿಯನ್ನು ಓದಿರಬೇಕು.

ಒಪ್ಪಿಗೆ ಹೇಗೆ ನಡೆಯುತ್ತದೆ?

ಅಂಗಡಿಯ ಗೋಡೆಗೆ ಅಂಟಿಸಿದ ಸಾಮಾನ್ಯ ಕ್ಯೂಆರ್‌ ಕೋಡ್‌ನಿಂದ ಆಟೋಪೇ ಆಗುವುದಿಲ್ಲ. ವ್ಯಾಪಾರಿ ತನ್ನ ಬ್ಯಾಂಕ್ ಅಥವಾ ಪೇಮೆಂಟ್ ಗೇಟ್‌ವೇ ಮೂಲಕ ಗ್ರಾಹಕರಿಗೆ ಮ್ಯಾಂಡೇಟ್, ಅಂದರೆ ಒಪ್ಪಿಗೆಯ ಕೋರಿಕೆ, ಕಳಿಸಬೇಕು. ಅದರಲ್ಲಿ ಹಣ ಪಡೆಯುವವರ ಹೆಸರು, ಮೊತ್ತ, ಎಷ್ಟು ದಿನಕ್ಕೊಮ್ಮೆ ಕಡಿತ, ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಇರುತ್ತದೆ. ಗ್ರಾಹಕರು ಯುಪಿಐ ಪಿನ್ ಒತ್ತಿದರೆ ಮಾತ್ರ ಅದು ಜಾರಿಗೆ ಬರುತ್ತದೆ. ನಂತರ ಸಾಮಾನ್ಯವಾಗಿ ₹15,000ದವರೆಗಿನ ಕಂತಿಗೆ ಪ್ರತಿ ಸಲ ಪಿನ್ ಬೇಕಿಲ್ಲ. ಆದರೆ ಕಡಿತಕ್ಕೆ 24 ಗಂಟೆ ಮೊದಲೇ ಮೊತ್ತ ತಿಳಿಸುವ ಸೂಚನೆ ಬರಬೇಕು.

ಹಾಲಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಒಂದು ಮನೆಗೆ ದಿನಕ್ಕೆ ಒಂದು ಲೀಟರ್ ಹಾಲು, ಲೀಟರಿಗೆ ₹50 ಎಂದುಕೊಳ್ಳಿ. 30 ದಿನದ ತಿಂಗಳಿಗೆ ₹1,500. ವ್ಯಾಪಾರಿ ಅಷ್ಟನ್ನೇ ಮಿತಿಯಾಗಿ ಇಟ್ಟರೆ 31 ದಿನದ ತಿಂಗಳ ₹1,550 ಬಿಲ್ ತಿರಸ್ಕೃತವಾಗುತ್ತದೆ. ಆದ್ದರಿಂದ ‘ಗರಿಷ್ಠ ₹2,000’ ಎಂದು ಇಡುವುದು ಸರಿ. ಕಡಿತವಾಗುವುದು ಆ ತಿಂಗಳ ಬಿಲ್ ಮಾತ್ರ, ಪೂರ್ತಿ ₹2,000 ಅಲ್ಲ. ಹಬ್ಬಕ್ಕೆ ಹೆಚ್ಚು ಹಾಲು ತೆಗೆದುಕೊಂಡರೂ ಅಷ್ಟರಲ್ಲಿ ಹೊಂದುತ್ತದೆ. ಮನೆಯವರು ಹತ್ತು ದಿನ ಊರಿಗೆ ಹೋಗಿದ್ದೂ ₹1,500 ಸೂಚನೆ ಬಂದರೆ, ಕಡಿತದ ಮೊದಲೇ ಕೇಳಲು ಒಂದು ದಿನ ಸಿಗುತ್ತದೆ. ವ್ಯಾಪಾರಿ ಒಪ್ಪದಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ನೀವೇ ಮ್ಯಾಂಡೇಟ್ ರದ್ದು ಮಾಡಬಹುದು.

ಪಾವತಿ ವಿಫಲವಾದರೆ?

ವ್ಯಾಪಾರಿ ಮೊದಲು ಕಾರಣ ನೋಡಬೇಕು. ಖಾತೆಯಲ್ಲಿ ಹಣವಿಲ್ಲದಿದ್ದರೆ ಗ್ರಾಹಕರಿಗೆ ತಿಳಿಸಿ, ಸಂಬಳ ಬಂದ ಮೇಲೆ ಮತ್ತೆ ಪ್ರಯತ್ನಿಸಬೇಕು. 2025ರ ಆಗಸ್ಟ್‌ನಿಂದ ಒಂದು ಕಂತಿಗೆ ಮೊದಲ ಪ್ರಯತ್ನದ ನಂತರ ಮೂರು ಮರುಪ್ರಯತ್ನಗಳಿಗಷ್ಟೇ ಅವಕಾಶ. ಹಾಗಾಗಿ ಒಂದೇ ದಿನ ಪದೇ ಪದೇ ಪ್ರಯತ್ನಿಸಿ ಅದನ್ನು ವ್ಯರ್ಥ ಮಾಡಬಾರದು. ಮ್ಯಾಂಡೇಟ್ ರದ್ದಾಗಿದ್ದರೆ ಅಥವಾ ಅವಧಿ ಮುಗಿದಿದ್ದರೆ ಮರುಪ್ರಯತ್ನದಿಂದ ಪ್ರಯೋಜನವಿಲ್ಲ. ಹೊಸ ಒಪ್ಪಿಗೆಯೇ ಬೇಕು.

ಹೆಚ್ಚು ಜಗಳವಾಗುವುದು ‘ಪೆಂಡಿಂಗ್’ ಎಂದು ತೋರಿಸಿದಾಗ. ಪೆಂಡಿಂಗ್ ಎಂದರೆ ವಿಫಲವಲ್ಲ, ಅಂತಿಮ ಉತ್ತರ ಇನ್ನೂ ಬಂದಿಲ್ಲ ಎಂದರ್ಥ. ಆಗಲೇ ‘ಕ್ಯೂಆರ್‌ಗೆ ಹಾಕಿಬಿಡಿ’ ಎಂದರೆ, ತಡವಾಗಿ ಆಟೋಪೇಯೂ ಸಫಲವಾಗಿ ಎರಡು ಸಲ ಹಣ ಹೋಗಬಹುದು. ‘ವಿಫಲ’ ಎಂದು ಖಚಿತವಾದ ಮೇಲೆ, ಉಳಿದ ಮರುಪ್ರಯತ್ನ ನಿಲ್ಲಿಸಿ, ಬೇರೆ ದಾರಿಯಲ್ಲಿ ಹಣ ಪಡೆಯಿರಿ.

ನೆನಪಿಡಿ: ಹಣ ಬರಲು ಪಿನ್ ಬೇಕಿಲ್ಲ. ‘ಬಾಕಿ ವಾಪಸ್ ಕೊಡುತ್ತೇವೆ, ಪಿನ್ ಒತ್ತಿ’ ಎಂದು ಬರುವ ಕೋರಿಕೆ ಮ್ಯಾಂಡೇಟ್ ಆಗಿರಬಹುದು. ಅದನ್ನು ತಿರಸ್ಕರಿಸಿ.